ಹೊಸ ಕಣ್ಣಿಗೆ ಕಂಡ ಕೆಂಪು

ಕಣ್ಣಿನ ಪೊರೆ ತೆಗೆಸಿಕೊಂಡು ಅಜ್ಜಂಪುರದ ನನ್ನ ಕುಲುಮೆಗೆ ಮರಳಿದಾಗ ಬೆಂಕಿ ಬೇರೆ ಯಾರದೋ ಅನ್ನಿಸಿತು. ಕೆಂಡವೆಲ್ಲ ಕನಸಿನಲ್ಲಿ ಕಂಡಂತೆ ಹೊಳೆಯುತ್ತಿತ್ತು. ಮಬ್ಬುಗಣ್ಣಿಗೆ ರೂಢಿಯಾಗಿದ್ದ ಕೆಂಪು ಹೊಸ ಕಣ್ಣಿಗೆ ಬೇಗನೇ ಕಂಡಿತು; ಹದ ಬಂತೆಂದು ಮಚ್ಚನ್ನು ನೀರಿಗೆ ಅದ್ದಿದೆ. ಅರ ಉಜ್ಜಿ ನೋಡಿದರೆ ಅಲಗಿನ ಬಾಯಿ ಮೆತ್ತಗೇ ಇತ್ತು. ಸಾಕಷ್ಟು ಕಾಯದ ಉಕ್ಕು ಗಟ್ಟಿಯಾಗುವುದಿಲ್ಲ. ಡಾಕ್ಟರನ್ನು ಬೈದೆ, ಇದ್ದಿಲನ್ನು ಬೈದೆ.

ಗಾಳಿಯಂತ್ರ ತಿರುಗಿಸುತ್ತಿದ್ದ ಹೆಂಡತಿ, “ಅದ್ದುವಾಗ ಇನ್ನೂ ಮಂಕುಗೆಂಪಲ್ಲೇ ಇತ್ತು ಕಣ್ರೀ” ಅಂದಳು.

“ಆಗ್ಲೇ ಹೇಳೋದಲ್ವೇನೇ?”

“ಇಷ್ಟು ವರ್ಷದಲ್ಲಿ ಒಂದಿನ ಕೇಳಿದ್ರಾ?”

ಮಚ್ಚನ್ನು ಮತ್ತೆ ಕೆಂಡಕ್ಕಿಟ್ಟೆ. ಅದು ಹದಕ್ಕೆ ಬಂತೆಂದು ಅವಳು ತಲೆಯಾಡಿಸಲಿ ಎಂದು ಅವಳನ್ನೇ ನೋಡುತ್ತ ನಿಂತೆ. ಬೆಂಕಿಯ ಬೆಳಕಿನಲ್ಲಿ ಅವಳ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅದು ಯಾವಾಗ ಹಾಗಾಯಿತೋ ನನಗೆ ಗೊತ್ತಿರಲಿಲ್ಲ.