ಶೇಂಗಾ ಇಲ್ಲದ ಎಣಗಾಯಿ

ನಾನು ಇಂಗ್ಲೆಂಡಿಗೆ ಬಂದದ್ದು ಗಂಡನ ಕೆಲಸದ ಬೆನ್ನಿಗೆ. ಅವರು ವಿಜಯಪುರದಲ್ಲಿ ನರ್ಸಿಂಗ್ ಕಲಿತು, ಅಲ್ಲೇ ಕೆಲವು ವರ್ಷ ದುಡಿದು, ಬೇಕಾದ ಪರೀಕ್ಷೆಗಳನ್ನೆಲ್ಲ ಮುಗಿಸಿ ಕೊವೆಂಟ್ರಿಯ ಆಸ್ಪತ್ರೆಯೊಂದಕ್ಕೆ ಸೇರಿದ್ದರು. ನನ್ನ ತವರು ಬಬಲೇಶ್ವರ, ಗಂಡನ ಮನೆ ತಿಕೋಟಾ. ನಮ್ಮ ಅತ್ತೆ ದಿನಾ ಬೆಳಿಗ್ಗೆ ತಿಕೋಟಾದಿಂದ ಬಸ್ಸು ಹಿಡಿದು ವಿಜಯಪುರಕ್ಕೆ ಹೋಗಿ, ಸ್ಟೇಷನ್ ರಸ್ತೆಯ ಒಂದು ಸಂದಿಯಲ್ಲಿ ಖಾನಾವಳಿ ನಡೆಸುತ್ತಾರೆ. ಮದುವೆಯಾದ ಮೊದಲ ಎರಡು ವರ್ಷ ನಾನೂ ಅವರ ಜೊತೆ ಅಲ್ಲೇ ಇದ್ದೆ. ಹತ್ತು ಗಂಟೆಗೆ ರೊಟ್ಟಿ ಬಡಿಯಲು ಕುಳಿತರೆ ಏಳುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತಿತ್ತು. ಆ ಕೆಲಸ ನನಗೆ ಬೇಸರ ತಂದದ್ದಿಲ್ಲ. ಕೊವೆಂಟ್ರಿಗೆ ಬಂದು, ಇಬ್ಬರಿಗೆ ನಾಲ್ಕು ರೊಟ್ಟಿ ಮಾಡಿ ಕೈ ತೊಳೆದುಕೊಂಡ ಮೇಲೆ ಉಳಿಯುವ ಇಡೀ ದಿನ ಮಾತ್ರ ಬೇಸರ ತರಿಸುತ್ತಿತ್ತು.

ಒಂದು ಭಾನುವಾರ ಗಂಡ ಕನಮಡಿಯ ಹುಡುಗನೊಬ್ಬನನ್ನು ಊಟಕ್ಕೆ ಕರೆತಂದರು. ಬಸ್ ಸ್ಟಾಪಿನಲ್ಲಿ ಅವನು ಫೋನಿನಲ್ಲಿ ನಮ್ಮ ಕಡೆಯ ಮಾತು ಆಡುತ್ತಿದ್ದುದನ್ನು ಕೇಳಿ ಪರಿಚಯ ಮಾಡಿಕೊಂಡಿದ್ದರಂತೆ. ಓದು ಮುಗಿಸಿ ಅವನು ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದ. ಜೋಳದ ರೊಟ್ಟಿ, ಜುಣಕ, ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ ಎಂದರೆ ಚಟ್ನಿಪುಡಿ ಮಾಡಿದ್ದೆ. ಆರು ರೊಟ್ಟಿ ತಿಂದ. ಹೋಗುವಾಗ ಚಪ್ಪಲಿ ಮೆಟ್ಟುತ್ತ, ತನ್ನಂಥವರು ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆಂದೂ, ವಾರಕ್ಕೊಮ್ಮೆ ಇಂಥ ಊಟ ಮಾಡಿ ಮಾರಿದರೆ ಎಲ್ಲರೂ ಕೊಂಡು ತಿನ್ನುತ್ತಾರೆಂದೂ ಹೇಳಿದ. ಎರಡು ದಿನದಲ್ಲಿ ವಾಟ್ಸಾಪ್ ಗುಂಪು ಮಾಡಿ ಇಪ್ಪತ್ತು ಜನರನ್ನು ಸೇರಿಸಿಯೂ ಬಿಟ್ಟ.

ಮರುದಿನವೇ ಒಲೆ ಹಚ್ಚುವ ಉಮೇದು ನನ್ನದು. ಗಂಡ ತಡೆದರು. ಇಲ್ಲಿ ಮನೆಯಲ್ಲಿ ಅಡಿಗೆ ಮಾಡಿ ಮಾರುವುದಾದರೂ ಶುರು ಮಾಡುವ ನಾಲ್ಕು ವಾರ ಮೊದಲೇ ನಗರಸಭೆಯಲ್ಲಿ ನೋಂದಾಯಿಸಬೇಕು. ಬಾಡಿಗೆ ಮನೆಯಾದ್ದರಿಂದ ಮಾಲೀಕರ ಒಪ್ಪಿಗೆ ಬೇಕು. ಎರಡನ್ನೂ ಗಂಡ ಮುಗಿಸಿದರು. ಆಹಾರ ಸ್ವಚ್ಛತೆಯ ಒಂದು ಕೋರ್ಸನ್ನು ನಾನು ಆನ್‌ಲೈನ್‌ನಲ್ಲಿ ಮಾಡಿದೆ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ. ಗಂಡ ಡ್ಯೂಟಿ ಮುಗಿಸಿ ಬಂದು ಪಕ್ಕದಲ್ಲಿ ಕುಳಿತು ಬಿಡಿಸಿ ಹೇಳುತ್ತಿದ್ದರು. ಫ್ರಿಜ್ಜಿಗೊಂದು, ಬಿಸಿ ಪಲ್ಯಕ್ಕೆ ಚುಚ್ಚಿ ನೋಡಲು ಇನ್ನೊಂದು ಥರ್ಮಾಮೀಟರು ಬಂತು. ಬಿಸಿ ಅಡಿಗೆ ಅರವತ್ತಮೂರು ಡಿಗ್ರಿಗಿಂತ ಇಳಿಯಬಾರದು, ಅನ್ನವನ್ನು ಬೇಗ ಆರಿಸಿ ಫ್ರಿಜ್ಜಿಗೆ ಇಡಬೇಕು, ಇಂಥವೆಲ್ಲ ಒಂದು ವಹಿಯಲ್ಲಿ ಬರೆದಿಡಬೇಕು. ಇದನ್ನು ಫೋನಿನಲ್ಲಿ ಹೇಳಿದಾಗ ಅತ್ತೆ, ಪಲ್ಯಕ್ಕೂ ಜ್ವರ ನೋಡುವ ಊರು ಇರುತ್ತದೆಂದು ತನಗೆ ಗೊತ್ತೇ ಇರಲಿಲ್ಲವೆಂದು ನಕ್ಕರು.

ತಪಾಸಣೆಗೆ ಬಂದ ಅಧಿಕಾರಿ ನಡುವಯಸ್ಸಿನ ಹೆಂಗಸು. ಕೈ ತೊಳೆಯುವ ಜಾಗ, ಕಪಾಟಿನ ಮೂಲೆ, ಫ್ರಿಜ್ಜಿನ ತಳ ಎಲ್ಲ ನೋಡಿದಳು. ಆಮೇಲೆ ಹದಿನಾಲ್ಕು ಪದಾರ್ಥಗಳ ಒಂದು ಪಟ್ಟಿ ಮುಂದಿಟ್ಟು, ಅಲರ್ಜಿ ತರುವ ಇವುಗಳಲ್ಲಿ ನನ್ನ ಅಡಿಗೆಯಲ್ಲಿ ಯಾವುವು ಇರುತ್ತವೆಂದು ಕೇಳಿದಳು. ಶೇಂಗಾ, ಎಳ್ಳು, ಸಾಸಿವೆ, ಹಾಲು ಎಂದು ಗುರುತು ಹಾಕಿದೆ. ಅವಳು ನನ್ನ ಇಂಗಿನ ಡಬ್ಬಿ ತಿರುಗಿಸಿ, ಆ ಪಟ್ಟಿಯಲ್ಲೇ ಇದ್ದ ಗೋಧಿಯ ಹಿಟ್ಟು ಅದರಲ್ಲಿ ಬೆರೆತಿದೆಯೆಂದು ಬರೆದದ್ದನ್ನು ತೋರಿಸಿದಳು. ಇಷ್ಟು ವರ್ಷ ಒಗ್ಗರಣೆ ಹಾಕಿದವಳು ಆ ಡಬ್ಬಿಯ ಬೆನ್ನು ಓದಿರಲಿಲ್ಲ. ಆದರೂ ಸ್ವಚ್ಛತೆಗೆ ನಮಗೆ ಒಳ್ಳೆಯ ಅಂಕವೇ ಬಂತು.

ವ್ಯವಹಾರ ಹೀಗೆ ನಡೆಯುತ್ತಿತ್ತು. ಸೋಮವಾರ ಇನ್‌ಸ್ಟಾಗ್ರಾಮಿನಲ್ಲಿ ಆ ವಾರದ ಊಟ ಹಾಕುವುದು, ಗುರುವಾರ ಸಂಜೆಯೊಳಗೆ ಆನ್‌ಲೈನ್ ಆರ್ಡರಿನ ಫಾರ್ಮ್ ತುಂಬಿ ಹಣ ಕಳಿಸಿದವರ ಲೆಕ್ಕಕ್ಕೆ ತಕ್ಕಂತೆ ಬಜಾರು, ಶುಕ್ರವಾರ ಹಿಂಡಿ ಪುಡಿ, ಶನಿವಾರ ಅಡಿಗೆ. ಹನ್ನೆರಡರಿಂದ ಎರಡರವರೆಗೆ ಬಂದು ಡಬ್ಬಿ ಒಯ್ಯುತ್ತಿದ್ದರು. ಮೊದಲ ಶನಿವಾರ ಅಂಗಡಿಯ ಜೋಳದ ಹಿಟ್ಟಿಗೆ ಜಿಗಿ ಇರಲಿಲ್ಲ. ಬಡಿದ ರೊಟ್ಟಿ ಅಂಚಿನಲ್ಲಿ ಬಿರಿಯತೊಡಗಿತು. ಅತ್ತೆಗೆ ವಿಡಿಯೋ ಕಾಲ್ ಮಾಡಿದೆ. ಖಾನಾವಳಿಯ ಮಧ್ಯಾಹ್ನದ ಗದ್ದಲ ಮುಗಿಸಿ ಕುಳಿತಿದ್ದ ಅವರು, ಕುದಿಯುವ ಎಸರು ಹೊಯ್ದು ಮುಚ್ಚಿಟ್ಟು ಆಮೇಲೆ ನಾದು ಎಂದರು. ಬಿರುಕು ನಿಂತಿತು. ಅಂದಿನಿಂದ ಶನಿವಾರ ಅವರ ಫೋನು ನನ್ನ ಅಡಿಗೆಮನೆಯ ಒಂದು ಪಾತ್ರೆಯಂತೆ ಆಯಿತು. ನಾನು ಬಡಿಯುತ್ತಿದ್ದೆ, ಅವರು ಅಲ್ಲಿ ಸಂಜೆಗೆ ಕಾಯಿಪಲ್ಯ ಹೆಚ್ಚುತ್ತಿದ್ದರು. ಮಾತು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ನಾಲ್ಕನೆಯ ತಿಂಗಳು ಒಬ್ಬ ಹುಡುಗಿ ಫೋನು ಮಾಡಿದಳು. ಕಾಖಂಡಕಿಯವಳು, ಫಾರ್ಮಸಿಯಲ್ಲಿ ಎಂ.ಎಸ್ಸಿ. ಓದಲು ಬಂದವಳು. ಸಣ್ಣವಳಿದ್ದಾಗಿನಿಂದ ಅವಳಿಗೆ ಶೇಂಗಾ ಅಲರ್ಜಿ. ನಮ್ಮ ಕಡೆ ಹುಟ್ಟಿ ಶೇಂಗಾ ತಿನ್ನಲಾಗದಿದ್ದರೆ ಬಾಳುವುದು ಹೇಗೆಂದು ನಾನು ಅಂದುಕೊಂಡೆ. ಇನ್‌ಸ್ಟಾಗ್ರಾಮಿನಲ್ಲಿ ನನ್ನ ಎಣಗಾಯಿಯ, ಅಂದರೆ ಮಸಾಲೆ ತುಂಬಿದ ಬದನೆಕಾಯಿ ಪಲ್ಯದ ಫೋಟೋ ನೋಡಿದ್ದಳು. ತನಗೊಬ್ಬಳಿಗೆ ಶೇಂಗಾ ಹಾಕದೆ ಮಾಡಲಾಗುತ್ತದೆಯೇ ಎಂದು ಬಹಳ ಸಂಕೋಚದಿಂದ ಕೇಳಿದಳು. ನಾನು ಎರಡನೆಯ ಯೋಚನೆ ಮಾಡದೆ ಹೂಂ ಎಂದೆ. ಎಳ್ಳು, ಕೆಲವರು ಹುಚ್ಚೆಳ್ಳು ಎನ್ನುವ ಗುರೆಳ್ಳು, ಒಣಕೊಬ್ಬರಿ ಹುರಿದು ಪುಡಿ ಮಾಡಿ ಸಣ್ಣ ಬದನೆಕಾಯಿಗಳಿಗೆ ತುಂಬಿದರಾಯಿತಲ್ಲ.

ಆ ಶನಿವಾರ ಅವಳ ಪಲ್ಯವನ್ನು ಬೇರೆ ಪಾತ್ರೆಯಲ್ಲಿ, ಬೇರೆ ಸವುಟಿನಲ್ಲಿ ಮಾಡಿದೆ. ಡಬ್ಬಿಯ ಮೇಲೆ ಹಸಿರು ಚೀಟಿ ಅಂಟಿಸಿದೆ. ಒಂದು ಗಂಟೆಗೆ ಬಂದಳು. ತೆಳ್ಳಗಿನ ಹುಡುಗಿ, ಎಣ್ಣೆ ಹಚ್ಚಿ ಹೆಣೆದ ಜಡೆ. ಬಾಗಿಲಲ್ಲೇ ನಿಂತು ಇನ್ನೊಮ್ಮೆ ಕೇಳಿದಳು.

"ಅಕ್ಕಾರ, ಇದರಾಗ ಶೇಂಗಾ ಇಲ್ಲಲ್ರಿ?"

"ಒಂದು ಕಾಳೂ ಇಲ್ಲ ತಂಗಿ. ಧೈರ್ಯದಿಂದ ಉಣ್ಣು."

ಅವಳು ಹೋಗಿ ಅರ್ಧ ಗಂಟೆಯಾಗಿರಬೇಕು. ಎಲ್ಲ ಡಬ್ಬಿ ಹೋಗಿದ್ದವು, ನಾನು ಮಿಕ್ಸರ್ ತೊಳೆಯುತ್ತಿದ್ದೆ. ಜಾರಿನ ಮುಚ್ಚಳದ ರಬ್ಬರ್ ಉಂಗುರ ಸಡಿಲವಾಗಿ ಕೈಗೆ ಬಂತು. ಅದರ ಒಳಗಿನ ಸಂದಿನಲ್ಲಿ ಕೆಂಪು ಪುಡಿ ಮೆತ್ತಿತ್ತು. ಶುಕ್ರವಾರ ಅದೇ ಜಾರಿನಲ್ಲಿ ಶೇಂಗಾ ಹಿಂಡಿ ಮಾಡಿದ್ದೆ. ಶನಿವಾರ ಮುಂಜಾನೆ ತೊಳೆದು ಅದರಲ್ಲೇ ಅವಳ ಎಳ್ಳು ತಿರುವಿದ್ದೆ. ಜಾರು ತೊಳೆದಿದ್ದೆ, ಉಂಗುರ ತೆಗೆದು ತೊಳೆದಿರಲಿಲ್ಲ.

ಫೋನು ಮಾಡಿದೆ, ಎತ್ತಲಿಲ್ಲ. ತಿನ್ನಬೇಡ ಎಂದು ಸಂದೇಶ ಹಾಕಿದೆ, ನೋಡಲಿಲ್ಲ. ಗಂಡ ಡ್ಯೂಟಿಯಲ್ಲಿದ್ದರು. ಫಾರ್ಮಿನಲ್ಲಿ ಅವಳ ವಿಳಾಸ ಇತ್ತು, ಬಸ್ಸಿನಲ್ಲಿ ಮೂರು ಸ್ಟಾಪು. ಬಸ್ಸು ಕಾಯುವ ತಾಳ್ಮೆ ಇರಲಿಲ್ಲ. ಹಿಟ್ಟು ಮೆತ್ತಿದ ಸೀರೆಯಲ್ಲೇ, ಮನೆಯ ಚಪ್ಪಲಿಯಲ್ಲೇ ಓಡಿದೆ. ಇಂಗ್ಲೆಂಡಿಗೆ ಬಂದ ಮೇಲೆ ನಾನು ಓಡಿದ್ದು ಅದೊಂದೇ ಸಲ. ಬಾಗಿಲು ತೆಗೆದ, ಅವಳ ಜೊತೆ ಮನೆ ಹಂಚಿಕೊಂಡಿದ್ದ ಬಿಳಿಯ ಹುಡುಗಿಗೆ ಏನು ಹೇಳಿದೆನೋ ನೆನಪಿಲ್ಲ. ನನ್ನ ಮುಖ ನೋಡಿ ದಾರಿ ಬಿಟ್ಟಳು.

ಕಾಖಂಡಕಿಯವಳು ಅಡಿಗೆಮನೆಯ ಮೇಜಿನ ಮುಂದೆ ಕುಳಿತಿದ್ದಳು. ಡಬ್ಬಿ ತೆರೆದಿತ್ತು. ಮುರಿದ ರೊಟ್ಟಿಯ ತುಣುಕು ಕೈಯಲ್ಲಿತ್ತು.

"ಉಣಬ್ಯಾಡ," ಎಂದೆ. "ಉಂಡಿ ಏನು?"

ಇಲ್ಲವೆಂದು ತಲೆಯಾಡಿಸಿದಳು. ರೊಟ್ಟಿ ಕೆಳಗಿಟ್ಟು, ಎದ್ದು ಹೋಗಿ ಸಾಬೂನು ಹಚ್ಚಿ ಕೈ ತೊಳೆದುಕೊಂಡಳು. ಇಂಥದ್ದು ಅವಳಿಗೆ ರೂಢಿಯಿತ್ತು ಎಂಬುದು ಆ ಕೈ ತೊಳೆಯುವ ಸಮಾಧಾನದಲ್ಲೇ ಗೊತ್ತಾಗುತ್ತಿತ್ತು. ಮುಗಿಸಿ ಬಂದು ನನಗೆ ನೀರು ಕೊಟ್ಟಳು. ನಾನು ಎಲ್ಲ ಹೇಳಿದೆ, ರಬ್ಬರ್ ಉಂಗುರದ್ದೂ ಸಹ. ಬೈಯುತ್ತಾಳೆಂದು ಕಾದೆ. ಅವಳೇ ಕ್ಷಮೆ ಕೇಳಿದಳು, ತಾನು ಕೇಳಲೇಬಾರದಿತ್ತೆಂದು. ಊರಿನಲ್ಲಿ ಅವಳ ಅವ್ವ ಬೇರೆ ರುಬ್ಬುವ ಕಲ್ಲು, ಬೇರೆ ಬಾಣಲೆ ಇಟ್ಟು ಅಡಿಗೆ ಮಾಡುತ್ತಿದ್ದರಂತೆ. ಮದುವೆ ಮನೆಗೂ ಇವಳು ಬುತ್ತಿ ಕಟ್ಟಿಕೊಂಡೇ ಹೋಗುತ್ತಿದ್ದಳಂತೆ. ಆಪತ್ತಿಗೆಂದು ಚುಚ್ಚಿಕೊಳ್ಳುವ ಇಂಜೆಕ್ಷನ್ ಅವಳ ಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ಊಟಕ್ಕೆ ಕುಳಿತವಳು ಎಣಗಾಯಿಯ ವಾಸನೆ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನೆ ಇದ್ದುಬಿಟ್ಟಿದ್ದಳು. ಅದೇ ನನ್ನನ್ನು ಉಳಿಸಿತು.

ಒಂದು ವಾರ ಆರ್ಡರು ನಿಲ್ಲಿಸಿದೆ. ತಪಾಸಣೆಗೆ ಬಂದಿದ್ದ ಅಧಿಕಾರಿಗೆ ನಾನೇ ಫೋನು ಮಾಡಿ ನಡೆದದ್ದನ್ನು ಹೇಳಿದೆ. ಅಷ್ಟು ಶೇಂಗಾ ಬಳಸುವ ಸಣ್ಣ ಅಡಿಗೆಮನೆಯಿಂದ ಶೇಂಗಾ ಇಲ್ಲವೆಂದು ಹೇಳಿ ಏನನ್ನೂ ಕೊಡಬಾರದು, ಇದ್ದದ್ದನ್ನು ಇದ್ದ ಹಾಗೆ ತಿಳಿಸಬೇಕು ಎಂದಳು. ನಮ್ಮ ಫಾರ್ಮಿನ ಮೊದಲ ಸಾಲಿನಲ್ಲೇ ಬರೆಸಿದೆ: ಈ ಅಡಿಗೆಮನೆಯಲ್ಲಿ ಶೇಂಗಾ ಬಳಸುತ್ತೇವೆ, ಶೇಂಗಾ ಅಲರ್ಜಿ ಇದ್ದವರು ದಯವಿಟ್ಟು ತರಿಸಬೇಡಿ. ಬರೆದದ್ದು ಸರಿಯೇ. ಆದರೆ ಆ ಸಾಲು ಓದಿದಾಗಲೆಲ್ಲ ಆ ಜಡೆಯ ಹುಡುಗಿ ನೆನಪಾಗುತ್ತಿದ್ದಳು.

ಅತ್ತೆಗೆ ಹೇಳಿಕೊಂಡೆ. ಅವರು ಸೊಪ್ಪು ಸೋಸುತ್ತಲೇ ಕೇಳಿದರು.

"ಯವ್ವಾ, ನಿನ್ನ ಅಡಗಿಮನ್ಯಾಗ ಆಗೂದಿಲ್ಲ ಅಂದ್ರ ಆಕಿ ಅಡಗಿಮನ್ಯಾಗ ಕಲಿಸಬೇಕವಾ. ಕೈ ಇಲ್ಲೇನು ಆಕಿಗೆ?"

ನನಗೆ ಇದು ಹೊಳೆದಿರಲಿಲ್ಲ. ಅಡಿಗೆ ಮಾಡಿ ಕೊಡುವುದೊಂದೇ ನನ್ನ ಕೆಲಸವೆಂದು ತಿಳಿದಿದ್ದೆ.

ಹುಡುಗಿಗೆ ಹೇಳಿದೆ, ಒಪ್ಪಿದಳು. ಮುಂದಿನ ಭಾನುವಾರ ನಾವಿಬ್ಬರೂ ಅಂಗಡಿಗೆ ಹೋದೆವು. ಜೋಳದ ಹಿಟ್ಟಿನ ಎರಡು ಪೊಟ್ಟಣಗಳನ್ನು ಅವಳು ತಿರುಗಿಸಿ ಓದಿ ವಾಪಸ್ಸು ಇಟ್ಟಳು. ಶೇಂಗಾ ಬೆರೆತಿರಬಹುದೆಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಬೇರೆ ಅಂಗಡಿಯಲ್ಲಿ ಮೂರನೆಯದು ಸಿಕ್ಕಿತು. ಎಳ್ಳು ತರುವಾಗಲೂ ಅದೇ ಕಥೆ. ಗುರೆಳ್ಳು ನಂಬುವಂಥದ್ದು ಸಿಗಲಿಲ್ಲ, ಬಿಟ್ಟೆವು. ನಾನು ಬೇರೆ ಬಟ್ಟೆ ಉಟ್ಟು, ಬರಿಗೈಯಲ್ಲಿ ಅವಳ ಮನೆಗೆ ಹೋಗಿ, ಅವಳ ನಲ್ಲಿಯಲ್ಲೇ ಕೈ ತೊಳೆದೆ. ಪಾತ್ರೆ, ಹಂಚು, ಹೊಸ ಕುಟ್ಟಾಣಿ ಎಲ್ಲ ಅವಳವೇ. ಫೋನನ್ನು ಕೆಟಲಿಗೆ ಒರಗಿಸಿ ಅತ್ತೆಯನ್ನು ಕೂಡಿಸಿದೆವು.

ಅವಳ ಮೊದಲ ರೊಟ್ಟಿ ಎತ್ತುವಾಗಲೇ ಎರಡಾಯಿತು. ಎರಡನೆಯದು ಹಂಚಿನ ಮೇಲೆ ಮಡಚಿ ಬಿತ್ತು. ಅತ್ತೆ ಒಂದನ್ನೂ ತಪ್ಪೆನ್ನಲಿಲ್ಲ. ಕಾಖಂಡಕಿಯಲ್ಲಿ ಯಾರ ಮನೆಯವಳು, ಈಗ ಅಲ್ಲಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸುತ್ತ, ನಡುವೆ ನಡುವೆ "ಅಂಗೈ ಒತ್ತಬ್ಯಾಡ, ಬೆರಳು ಆಡಸು" ಎನ್ನುತ್ತಿದ್ದರು. ಐದನೆಯ ರೊಟ್ಟಿ ಉಬ್ಬಿತು. ಅವಳು ಅದನ್ನು ಅಂಗೈಯಲ್ಲಿ ಹಿಡಿದು ಫೋನಿಗೆ ತೋರಿಸಿದಳು.

ಎಣಗಾಯಿ ಶೇಂಗಾ ಇಲ್ಲದೆಯೂ ರುಚಿಯಾಗಿತ್ತು. ಸ್ವಲ್ಪ ಕಹಿ ಇತ್ತು, ಎಳ್ಳು ಹೆಚ್ಚು ಹುರಿದಿದ್ದಳು. ಬಡಿಸಿ, ನನ್ನನ್ನು ಕುಳ್ಳಿರಿಸಿ, ತಾನೂ ಉಂಡಳು. ಅತ್ತೆ ಗಿರಾಕಿ ಬಂದರೆಂದು ಎದ್ದು ಹೋದರು. ಪರದೆಯ ಮೇಲೆ ಖಾನಾವಳಿಯ ಗೋಡೆ ಮಾತ್ರ ಉಳಿಯಿತು.

ಈಗ ಶನಿವಾರ ಡಬ್ಬಿ ನಡೆದೇ ಇದೆ. ತಿಂಗಳಿಗೊಂದು ಭಾನುವಾರ ಆನ್‌ಲೈನ್‌ನಲ್ಲಿ ರೊಟ್ಟಿ ಕಲಿಸುತ್ತೇವೆ. ಅತ್ತೆ ಸ್ಟೇಷನ್ ರಸ್ತೆಯಿಂದ, ನಾನು ಇಲ್ಲಿಂದ, ಹುಡುಗರು ತಮ್ಮ ತಮ್ಮ ಅಡಿಗೆಮನೆಯಿಂದ. ಕನಮಡಿಯವನಿಗೆ ರೊಟ್ಟಿ ಬಡಿಯಲು ಇನ್ನೂ ಬಂದಿಲ್ಲ. ಅವನು ಡಬ್ಬಿಯೇ ವಾಸಿ ಎನ್ನುತ್ತಾನೆ. ಕಾಖಂಡಕಿಯವಳಿಗೆ ಚೆನ್ನಾಗಿ ಬರುತ್ತದೆ. ಹೋದ ತಿಂಗಳು ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದಳು. ಡ್ಯೂಟಿ ಬದಲಿಸಿಕೊಂಡು ಗಂಡನೂ ಬಂದರು, ನಾಲ್ಕು ರೊಟ್ಟಿ ತಿಂದರು.