ಐದನೇ ಸ್ಲ್ಯಾಬಿನ ಡಿಮ್ಯಾಂಡ್ ನೋಟು

ಪೀಣ್ಯದ ಒಂದು ಪಂಪ್ ಕಾರ್ಖಾನೆಯಲ್ಲಿ ನಾನು ಹದಿನಾರು ವರ್ಷದಿಂದ ಇನ್‌ಸ್ಪೆಕ್ಷನ್ ಕೆಲಸ ಮಾಡುತ್ತಿದ್ದೇನೆ. ಹೊರಗಿನ ಸಣ್ಣ ಶೆಡ್‌ಗಳಲ್ಲಿ ತಯಾರಾದ ಬಿಡಿಭಾಗಗಳು ನನ್ನ ಮೇಜಿನ ಮೇಲೆ ಹಾದುಹೋಗದೆ ಒಳಗೆ ಹೋಗುವಂತಿಲ್ಲ. ಚಲನ್‌ನಲ್ಲಿ ಆರ್ಡರ್ ನಂಬರ್ ಇರಬೇಕು, ಡ್ರಾಯಿಂಗ್ ನಂಬರ್ ಇರಬೇಕು, ಎಷ್ಟನೇ ಕಂತಿನ ಮಾಲು ಎಂದಿರಬೇಕು. ನಾನು ಅಳೆದು ಹಸಿರು ಚೀಟಿ ಕಟ್ಟಿದರೆ ಮಾತ್ರ ಬಿಲ್ ಪಾಸಾಗುತ್ತದೆ. ಶೆಡ್ ಮಾಲೀಕರು ನನ್ನನ್ನು ಹಿಂದಿನಿಂದ ಏನೇನೋ ಕರೆಯುತ್ತಾರೆ ಎಂದು ಗೊತ್ತು. ಕರೆಯಲಿ, ಒಂದು ಕೂದಲೆಳೆ ವ್ಯತ್ಯಾಸ ಇದ್ದರೂ ನಾನು ಮಾಲು ವಾಪಸ್ ಕಳಿಸುವವಳು.

ಇಂಥ ನಾನು ನನ್ನ ಸ್ವಂತ ಮನೆಯ ವಿಷಯದಲ್ಲಿ ಏನು ಮಾಡಿದೆ ಎಂಬುದನ್ನು ಹೇಳಲು ಈಗಲೂ ಮೈ ಉರಿಯುತ್ತದೆ.

ಮಾದನಾಯಕನಹಳ್ಳಿಯ ಹತ್ತಿರ ಏಳು ಮಹಡಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ನಾವು ಫ್ಲಾಟ್ ತೆಗೆದುಕೊಂಡೆವು. ನಲವತ್ತೆಂಟು ಲಕ್ಷ. ಎರಡು ಬ್ಲಾಕ್, ರಸ್ತೆಯ ಕಡೆ ಎ, ಅದರ ಹಿಂದೆ ಬಿ. ನಮ್ಮದು ಬಿ ಬ್ಲಾಕಿನ ನಾಲ್ಕನೇ ಮಹಡಿ. ಕಟ್ಟಡ ಎದ್ದಂತೆ ಹಂತಹಂತವಾಗಿ ಹಣ ಕೊಡಬೇಕು, ನಮ್ಮ ಪರವಾಗಿ ಬ್ಯಾಂಕ್ ಕೊಡುತ್ತದೆ, ಕೊಟ್ಟಷ್ಟಕ್ಕೆ ನಾವು ಬಡ್ಡಿ ಕಟ್ಟುತ್ತೇವೆ. ಲಗ್ಗೆರೆಯ ಬಾಡಿಗೆ ಮನೆಯ ಬಾಡಿಗೆ ಅದರ ಜೊತೆಗೆ. ಮನೆ ಕಟ್ಟಿ ನೋಡು ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ನಾವಂತೂ ಕಟ್ಟಲೂ ಇಲ್ಲ, ಕಟ್ಟಿಸಲೂ ಇಲ್ಲ, ಬರೀ ನೋಡಿದೆವು. ಅದನ್ನೂ ಸರಿಯಾಗಿ ನೋಡಲಿಲ್ಲ.

ನನ್ನ ತಂಗಿಯ ಮನೆ ನೆಲಮಂಗಲದಲ್ಲಿದೆ. ತಿಂಗಳಿಗೆರಡು ಸಲ ಅಲ್ಲಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನಮ್ಮ ಕಟ್ಟಡ ಕಾಣುತ್ತಿತ್ತು. ನಾನು ಬೆರಳು ಮಡಿಚಿ ಸ್ಲ್ಯಾಬ್ ಎಣಿಸುತ್ತಿದ್ದೆ. ಒಂದು, ಎರಡು, ಮೂರು. ಪಕ್ಕದಲ್ಲಿ ಕೂತವರು ಯಾರೇ ಆಗಲಿ, ಅವರಿಗೆ ತೋರಿಸಿ "ಅದು ನಮ್ಮದು" ಎನ್ನುತ್ತಿದ್ದೆ. ಅಷ್ಟು ಸಂತೋಷ.

ಐದನೇ ಸ್ಲ್ಯಾಬ್ ಮುಗಿದಿದೆ, ಆ ಕಂತು ಕಟ್ಟಿ ಎಂದು ಬಿಲ್ಡರ್ ಕಡೆಯಿಂದ ಡಿಮ್ಯಾಂಡ್ ನೋಟು ಬಂದದ್ದು ಒಂದು ಶುಕ್ರವಾರ. ಫ್ಲಾಟಿನ ಬೆಲೆಯ ಶೇಕಡಾ ಹತ್ತು, ಅಂದರೆ ನಾಲ್ಕು ಲಕ್ಷದ ಎಂಬತ್ತು ಸಾವಿರ. ಅದರ ಮೇಲೆ ಶೇಕಡಾ ಐದು ಜಿಎಸ್‌ಟಿ, ಇಪ್ಪತ್ತನಾಲ್ಕು ಸಾವಿರ. ಹದಿನೈದು ದಿನದಲ್ಲಿ ಕಟ್ಟದಿದ್ದರೆ ವರ್ಷಕ್ಕೆ ಶೇಕಡಾ ಇಪ್ಪತ್ತನಾಲ್ಕು ಬಡ್ಡಿ, ಆಮೇಲೆ ಬುಕಿಂಗ್ ರದ್ದು. ಜಿಎಸ್‌ಟಿಗೆ ಬ್ಯಾಂಕ್ ಸಾಲ ಕೊಡುವುದಿಲ್ಲವಾದ್ದರಿಂದ ಆ ಇಪ್ಪತ್ತನಾಲ್ಕು ಸಾವಿರವನ್ನು ಕಾರ್ಖಾನೆಯಲ್ಲೇ ಮುಂಗಡ ಕೇಳೋಣವೆಂದು ನೋಟನ್ನು ನಮ್ಮ ಅಕೌಂಟೆಂಟರಿಗೆ ತೋರಿಸಿದೆ. ನಿವೃತ್ತಿಗೆ ಎರಡು ವರ್ಷ ಇರುವ ಮನುಷ್ಯ. ಕನ್ನಡಕ ಹಣೆಗೇರಿಸಿ ಓದಿದರು, ಹಿಂದೆ ತಿರುಗಿಸಿ ನೋಡಿದರು.

"ಇದೇನಮ್ಮ, ಇಷ್ಟೇನಾ?"

"ಇಷ್ಟೇ ಸಾರ್. ಜೊತೆಗೊಂದು ಫೋಟೊ ಇದೆ."

"ನಮ್ಮ ಶೆಡ್‌ನೋರು ಯಾರಾದ್ರೂ ಇಂಥ ಬಿಲ್ ತಂದಿದ್ರೆ ನೀನು ಬಿಡ್ತಿದ್ಯಾ? ಐದನೇ ಸ್ಲ್ಯಾಬ್ ಮುಗೀತು ಅಂತ ಬರ್ದಿದಾನೆ. ಯಾವ ಬ್ಲಾಕಿಂದು? ಯಾವತ್ತು ಮುಗೀತು? ಮುಗ್ದಿದೆ ಅಂತ ಇಂಜಿನಿಯರೋ ಆರ್ಕಿಟೆಕ್ಟೋ ಸಹಿ ಹಾಕಿದ ಸರ್ಟಿಫಿಕೇಟ್ ಎಲ್ಲಿ?"

ಅವರು ಪೆನ್ಸಿಲ್ ತೆಗೆದುಕೊಂಡು ನೋಟಿನ ಅಂಚಿನಲ್ಲೇ ಗೀಚತೊಡಗಿದರು. ನೋಂದಾಯಿಸಿದ ಕರಾರಿನ ತಾರೀಕು, ಅದರ ಕಂತಿನ ಪಟ್ಟಿಯಲ್ಲಿ ಇದು ಎಷ್ಟನೆಯದು ಎಂಬುದು ಇರಬೇಕಿತ್ತು, ಇಲ್ಲ. ಒಟ್ಟು ಬೆಲೆ ಎಷ್ಟು, ಈವರೆಗೆ ಬಂದದ್ದೆಷ್ಟು, ಇನ್ನು ಉಳಿದದ್ದೆಷ್ಟು, ಅದೂ ಇಲ್ಲ. ರಿಯಲ್ ಎಸ್ಟೇಟ್ ಪ್ರಾಧಿಕಾರ ರೇರಾದ ನಂಬರ್ ಇದೆ, ಜಿಎಸ್‌ಟಿ ನಂಬರ್ ಇದೆ, ತೆರಿಗೆ ಬೇರೆಯಾಗಿ ತೋರಿಸಿದ್ದಾನೆ, ಅಷ್ಟರ ಮಟ್ಟಿಗೆ ಸರಿ. ಹಣ ಹೋಗುವ ಖಾತೆ ಈ ಪ್ರಾಜೆಕ್ಟಿಗೆಂದೇ ತೆರೆದ ಖಾತೆಯೋ ಅಲ್ಲವೋ ಕರಾರು ನೋಡಿ ಹೋಲಿಸು ಎಂದರು. ಬಡ್ಡಿಯ ಸಾಲಿಗೆ ಬಂದಾಗ ಅವರಿಗೇ ಸಿಟ್ಟು ಬಂತು.

"ಇಪ್ಪತ್ನಾಕು ಪರ್ಸೆಂಟಾ! ಅವನ ಅಪ್ಪನ ಮನೆ ರೂಲ್ಸಾ? ನೀವು ಲೇಟ್ ಮಾಡಿದ್ರೆ ಎಷ್ಟು ಬಡ್ಡಿನೋ, ಅವನು ಫ್ಲಾಟ್ ಲೇಟ್ ಮಾಡಿದ್ರೂ ಅಷ್ಟೇ. ರೇರಾ ಕಾನೂನಲ್ಲಿ ಇಬ್ರಿಗೂ ಒಂದೇ ದರ. ಮೊದ್ಲು ಹೋಗಿ ಸ್ಲ್ಯಾಬ್ ನೋಡ್ಕೊಂಡು ಬಾ."

"ನೋಡಿದೀನಿ ಸಾರ್, ಬಸ್ಸಲ್ಲಿ ಹೋಗ್ತಾ ಐದೂ ಎಣಿಸಿದೀನಿ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಮಾಲೂ ಬಸ್ಸಲ್ಲೇ ಕೂತು ಪಾಸ್ ಮಾಡ್ತೀಯಾ?"

ಭಾನುವಾರ ನನ್ನ ಗಂಡನಿಗೆ ಶಿಫ್ಟ್ ಇತ್ತು. ನಾನೊಬ್ಬಳೇ ಹೋದೆ. ಗೇಟಿನವನು ಬಿಡಲಿಲ್ಲ, ಕರಾರಿನ ಪ್ರತಿ ತೋರಿಸಿ ಜಗಳವಾಡಿದ ಮೇಲೆ ಬಿಟ್ಟ. ಮುಂದಿನ ಕಟ್ಟಡದಲ್ಲಿ ಐದು ಸ್ಲ್ಯಾಬ್ ಇದ್ದವು, ನಿಜ. ಅದರ ಪಕ್ಕದಲ್ಲಿ ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ಜಲ್ಲಿ ಜರಡಿ ಹಿಡಿಯುತ್ತಿದ್ದಳು. ಬಿ ಬ್ಲಾಕಿನ ನಾಲ್ಕನೇ ಮಹಡಿಗೆ ಹೇಗೆ ಹೋಗುವುದು ಎಂದು ಕೇಳಿದೆ.

ಅವಳು ನಕ್ಕಳು. "ಬಿ ಇದಲ್ರೀ ಅಕ್ಕಾರ. ಇದು ಎ ಐತಿ. ಬಿ ಹಿಂದೈತ್ರಿ. ಅಲ್ಲಿ ನಾಕನೇದು ಎಲ್ಲೈತ್ರಿ? ಹ್ವಾದ ವಾರ ಎರಡನೇ ಸ್ಲ್ಯಾಬ್ ಹಾಕೀವಿ. ನಾನೇ ಪುಟ್ಟಿ ಹೊತ್ತೀನಿ."

ಹಿಂದೆ ಹೋಗಿ ನೋಡಿದೆ. ಎರಡು ಸ್ಲ್ಯಾಬ್. ಮೇಲಿನದಕ್ಕೆ ನೀರು ಕಟ್ಟಿದ್ದರು, ಕೆಳಗೆ ಸೆಂಟ್ರಿಂಗ್ ಕಂಬಗಳನ್ನು ಇನ್ನೂ ಬಿಚ್ಚಿರಲಿಲ್ಲ. ನನ್ನ ನಾಲ್ಕನೇ ಮಹಡಿ ಇರಬೇಕಾದ ಜಾಗದಲ್ಲಿ ಆಕಾಶ ಇತ್ತು. ಐದನೆಯದು ಹಾಗಿರಲಿ, ಅದರ ಹಿಂದಿನ ಕಂತಾದ ಮೂರನೇ ಸ್ಲ್ಯಾಬಿನ ಹಣ ಐದು ತಿಂಗಳ ಹಿಂದೆಯೇ ಬ್ಯಾಂಕಿನಿಂದ ಹೋಗಿತ್ತು. ಹುಟ್ಟದ ಸ್ಲ್ಯಾಬಿಗೆ ಐದು ತಿಂಗಳಿಂದ ನಾನು ಬಡ್ಡಿ ಕಟ್ಟುತ್ತಿದ್ದೆ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಗೆ ಬಿದ್ದಿತ್ತು. ಆ ಬಿಸಿಲಲ್ಲಿ ನಿಂತು ಬಿಲ್ಡರನ್ನೂ ಬೈದೆ, ನನ್ನನ್ನೂ ಬೈದುಕೊಂಡೆ, ಆ ಹೆಣ್ಣುಮಗಳು ಕೊಟ್ಟ ನೀರು ಕುಡಿದೆ. ಆಮೇಲೆ ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆದೆ.

ಸೋಮವಾರ ರಜೆ ಹಾಕಿ ತುಮಕೂರು ರಸ್ತೆಯಲ್ಲಿರುವ ಬಿಲ್ಡರ್ ಆಫೀಸಿಗೆ ಇಬ್ಬರೂ ಹೋದೆವು. ದಾರಿಯುದ್ದಕ್ಕೂ ನನ್ನ ಗಂಡ "ಬಡವನ ಸಿಟ್ಟು ದವಡೆಗೆ ಮೂಲ ಕಣೇ, ಮೆತ್ತಗೆ ಮಾತಾಡು" ಎನ್ನುತ್ತಿದ್ದರು. ಕ್ಯಾನ್ಸಲ್ ಮಾಡಿಬಿಟ್ಟರೆ ಎಂಬುದು ಅವರ ಭಯ. ನನ್ನ ಭಯ ಬೇರೆ. ಐದನೇ ಸ್ಲ್ಯಾಬಿನ ಹಣವೂ ಹೋಗಿಬಿಟ್ಟರೆ ಬೆಲೆಯ ಮುಕ್ಕಾಲು ಭಾಗ ಅವನ ಕೈಸೇರುತ್ತದೆ. ಆಮೇಲೆ ಬಿ ಬ್ಲಾಕ್ ಎಬ್ಬಿಸಲು ಅವನಿಗೇನು ಆತುರ? ನಮ್ಮ ಕೈಯಲ್ಲಿ ಇದ್ದ ಹಿಡಿತ ಅದೊಂದೇ, ಕೊಡದೆ ಉಳಿದ ಕಂತು.

ಮ್ಯಾನೇಜರ್ ನಗುನಗುತ್ತಾ ಕಾಫಿ ತರಿಸಿದ.

"ಪ್ರಾಜೆಕ್ಟ್ ಒಂದೇ ಅಲ್ವಾ ಮೇಡಂ. ಡಿಮ್ಯಾಂಡ್ ಎಲ್ರಿಗೂ ಒಟ್ಟಿಗೇ ಜನರೇಟ್ ಆಗುತ್ತೆ. ಸಿಸ್ಟಮ್ಮೇ ಹಂಗಿದೆ."

ನಾನು ಕರಾರು ಬಿಚ್ಚಿ ಕಂತಿನ ಪಟ್ಟಿ ಅವನ ಮುಂದೆ ಹಿಡಿದೆ. "ಓದಿ. ‘ಫ್ಲಾಟ್ ಇರುವ ಬ್ಲಾಕಿನ ಐದನೇ ಸ್ಲ್ಯಾಬ್ ಪೂರ್ಣಗೊಂಡಾಗ’. ಇದು ನಿಮ್ಮ ಸಿಸ್ಟಮ್ಮಿಗೆ ಓದಕ್ ಬರಲ್ವಾ?"

"ಇನ್ನೇನು ಬಂದ್ಬಿಡುತ್ತೆ ಮೇಡಂ, ಮೂರು ತಿಂಗಳು."

"ಬಂದ್ಮೇಲೆ ನೋಟು ಕಳಿಸಿ. ಬ್ಲಾಕ್ ಹೆಸರು ಬರೀರಿ, ಮುಗಿದ ತಾರೀಕು ಬರೀರಿ, ಇಂಜಿನಿಯರ್ ಸರ್ಟಿಫಿಕೇಟ್ ಲಗತ್ತಿಸಿ. ನಾವು ಕೊಟ್ಟಿದ್ದೆಷ್ಟು, ಬಾಕಿ ಎಷ್ಟು ಅಂತ ತೋರಿಸಿ. ಈ ನೋಟು ವಾಪಸ್ ತಗೊಂಡಿದೀವಿ ಅಂತ ಈಗ್ಲೇ ಬರ್ದು ಕೊಡಿ."

"ನಿಮ್ಮದೊಂದು ಹೋಲ್ಡ್ ಮಾಡ್ತೀನಿ ಬಿಡಿ. ಫ್ಲಾಟ್ ತಗೊಂಡೋರ ವಾಟ್ಸಾಪ್ ಗ್ರೂಪಲ್ಲಿ ಮಾತ್ರ ಹಾಕ್ಬೇಡಿ."

ಅಂದರೆ ಬಿ ಬ್ಲಾಕಿನ ಉಳಿದವರೆಲ್ಲ ಕಟ್ಟಲಿ! ನನಗೆ ರಕ್ತ ಕುದಿಯಿತು. ಬರೆದು ಕೊಡುವವರೆಗೆ ಕುರ್ಚಿಯಿಂದ ಏಳುವುದಿಲ್ಲ ಎಂದೆ. ಫ್ಲಾಟ್ ನೋಡಲು ಬಂದ ಹೊಸ ಗಿರಾಕಿಗಳು ಹೊರಗಿನ ಸೋಫಾದಲ್ಲಿ ಕೂತು ಕಿವಿ ನಿಮಿರಿಸಿದ್ದರು. ನಾನು ದನಿ ಏರಿಸಿದೆ, ಬೇಕಂತಲೇ ಏರಿಸಿದೆ. ಹತ್ತು ನಿಮಿಷದಲ್ಲಿ ಪತ್ರ ಟೈಪಾಗಿ, ಸೀಲು ಬಿದ್ದು, ನನ್ನ ಕೈಗೆ ಬಂತು.

"ಇನ್ನು ಮೂರನೇ ಸ್ಲ್ಯಾಬಿನ ದುಡ್ಡು" ಎಂದೆ. "ಮುಗೀದೇ ಇರೋ ಕೆಲಸಕ್ಕೆ ತಗೊಂಡಿದೀರ. ಐದು ತಿಂಗಳ ಬಡ್ಡಿ ನೀವೇ ಕೊಡ್ಬೇಕು."

ಅವನ ನಗು ಹೋಯಿತು. ಡ್ರಾಯರಿನಿಂದ ಒಂದು ಹಾಳೆ ತೆಗೆದು ನನ್ನ ಮುಂದೆ ಇಟ್ಟ. ಮೂರನೇ ಸ್ಲ್ಯಾಬಿನ ಕಂತು ಬಿಡುಗಡೆ ಮಾಡಿ ಎಂದು ನಾವು ಬ್ಯಾಂಕಿಗೆ ಕೊಟ್ಟ ಕೋರಿಕೆ ಪತ್ರದ ಪ್ರತಿ. ಅವರ ಆಫೀಸಿನ ಹುಡುಗಿಯೇ ಟೈಪ್ ಮಾಡಿ ತಂದಿದ್ದಳು, ನಾನು ಕಾರ್ಖಾನೆಯ ಗೇಟಿನಲ್ಲಿ ನಿಂತು ಸಹಿ ಹಾಕಿದ್ದೆ. ನಡುವೆ ಒಂದು ಸಾಲು ಇತ್ತು. ಬಿ ಬ್ಲಾಕಿನ ಮೂರನೇ ಸ್ಲ್ಯಾಬ್ ಪೂರ್ಣಗೊಂಡಿರುವುದನ್ನು ನಾನು ಖುದ್ದಾಗಿ ಸ್ಥಳಕ್ಕೆ ಹೋಗಿ ನೋಡಿ ತೃಪ್ತಳಾಗಿದ್ದೇನೆ.

"ಬ್ಯಾಂಕಿನ ಕಡೆಯವ್ರೂ ನೋಡ್ಕೊಂಡ್ ಹೋಗಿದಾರೆ, ನೀವೂ ನೋಡಿ ಸಹಿ ಹಾಕಿದೀರ. ಈಗ ಬಂದು ಮುಗಿದಿಲ್ಲ ಅಂದ್ರೆ ಹೆಂಗೆ ಮೇಡಂ?"

ಬ್ಯಾಂಕಿನ ಪರವಾಗಿ ಬಂದವನು ಗೇಟಿನಿಂದಲೇ ಫೋಟೊ ತೆಗೆದು ಹೋಗಿದ್ದನೆಂದು ಆಮೇಲೆ ತಿಳಿಯಿತು. ಅವನನ್ನು ಯಾವ ಬಾಯಲ್ಲಿ ಬೈಯಲಿ? ಆ ಕ್ಷಣದಲ್ಲಿ ಆ ಸಾಲನ್ನೇ ಎರಡನೇ ಸಲ ಓದಿದೆ. ಮ್ಯಾನೇಜರ್ ಕಾಫಿ ಲೋಟ ನನ್ನ ಕಡೆ ಸರಿಸಿದ, ನನ್ನ ಗಂಡ ನನ್ನ ಮೊಣಕೈ ಹಿಡಿದು ಎಬ್ಬಿಸಿದರು.

ನೋಟು ವಾಪಸ್ ತೆಗೆದುಕೊಂಡಿದ್ದೇವೆ ಎಂದು ಅವರು ಬರೆದುಕೊಟ್ಟ ಪತ್ರವನ್ನೂ ಫೋಟೊಗಳನ್ನೂ ಸಂಜೆಯೇ ಗ್ರೂಪಿಗೆ ಹಾಕಿದೆ. ನಾಲ್ಕು ಜನ ಥ್ಯಾಂಕ್ಸ್ ಎಂದರು. ಒಬ್ಬ ಮಹಾನುಭಾವ, ಇಂಥದ್ದೆಲ್ಲ ಹೊರಗೆ ಬಂದರೆ ನಮ್ಮ ಫ್ಲಾಟಿನ ರೇಟ್ ಬೀಳುತ್ತೆ ಎಂದು ಬರೆದ. ಇಲ್ಲದ ಫ್ಲಾಟಿಗೆ ಯಾವ ರೇಟೋ.

ಮುಂದಿನ ಭಾನುವಾರ ರೇರಾಕ್ಕೆ ದೂರು ಬರೆಯಲು ಕೂತೆ. ಮೂರನೇ ಸ್ಲ್ಯಾಬಿನ ಹಣ ಅವಧಿಗೆ ಮೊದಲೇ ಪಡೆದಿದ್ದಾರೆ, ಅಷ್ಟು ತಿಂಗಳ ಬಡ್ಡಿ ಕೊಡಿಸಿ ಎಂಬುದು ಕೋರಿಕೆ. ಬ್ಯಾಂಕಿಗೆ ಕೊಟ್ಟ ಆ ಪತ್ರವನ್ನು ನಾನೇ ಲಗತ್ತಿಸಿದೆ. ಅದರ ಬಗ್ಗೆ ಒಂದು ಸಾಲು ಬರೆದಾಗ ನನ್ನ ಗಂಡ ಹೆಗಲ ಮೇಲಿಂದ ಓದಿದರು.

"ಇದನ್ನ ತೆಗೀ ಕಣೇ. ಮೋಸ ಮಾಡಿ ಸಹಿ ಹಾಕಿಸ್ಕೊಂಡ್ರು ಅಂತ ಬರಿ. ಹಿಂಗೆ ಬರೆದ್ರೆ ನಾವೇ ಸೋಲ್ತೀವಿ. ನಿನ್ನ ಕಾರ್ಖಾನೇಲಿ ಗೊತ್ತಾದ್ರೆ ಏನಂತಾರೆ?"

ಕಾರ್ಖಾನೆಯಲ್ಲಿ ಏನಂತಾರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹದಿನಾರು ವರ್ಷದಲ್ಲಿ ನಾನು ಎಷ್ಟು ಜನರ ಮಾಲು ವಾಪಸ್ ಕಳಿಸಿಲ್ಲ. ಆದರೂ ಆ ಸಾಲನ್ನು ಅಳಿಸಲಿಲ್ಲ. ಅದು ಹಾಗೆಯೇ ಹೋಯಿತು: ಬಿ ಬ್ಲಾಕಿನ ಮೂರನೇ ಸ್ಲ್ಯಾಬನ್ನು ನಾನು ನೋಡಿರಲಿಲ್ಲ, ನೋಡಿದ್ದೇನೆ ಎಂದು ಸಹಿ ಹಾಕಿದ್ದೇನೆ.