ಮನೆಮಂದಿ ಜಿಮ್ಮಿನ ಬೋರ್ಡು

ಬೀದಿಯವರೆಲ್ಲ ಅವನನ್ನು ಪೈಲ್ವಾನ ಎನ್ನುತ್ತಿದ್ದರು. ಕುಸ್ತಿ ಆಡಿದವನೇನಲ್ಲ, ನಡೆದು ಬಂದರೆ ಹೊಟ್ಟೆ ಮುಂದೆ, ಅವನು ಹಿಂದೆ. ಆದರೆ ತನ್ನ ಪುಟ್ಟ ಜಿಮ್ಮಿಗೆ ಎರಡು ದಿನ ಬಾರದವರ ಬಾಗಿಲು ತಟ್ಟಿ, "ಜ್ವರಾನೋ, ಸೋಮಾರಿತನಾನೋ?" ಎಂದು ಕೇಳುವ ಹಕ್ಕು ಅವನಿಗಿತ್ತು.

ಅಷ್ಟರಲ್ಲಿ ರಸ್ತೆಯಾಚೆ ದೊಡ್ಡ ಕಂಪನಿಯೊಂದರ ಜಿಮ್ಮು ತೆರೆಯಿತು. ಗಾಜಿನ ಗೋಡೆ, ಸಾಲುಸಾಲು ಟ್ರೆಡ್‌ಮಿಲ್. ಪೈಲ್ವಾನನ ಹತ್ತಿರ ಇದ್ದದ್ದು ಒಂದೇ, ಅದೂ ಮನಸ್ಸು ಬಂದರೆ ಓಡುತ್ತಿತ್ತು. ಜನ ಒಬ್ಬೊಬ್ಬರಾಗಿ ರಸ್ತೆ ದಾಟತೊಡಗಿದರು. ಜಿಮ್ಮು ಮುಚ್ಚಿದರೆ ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಅಂಗಡಿಗಳಿಗೆ ಲೋಗೋ, ಬೋರ್ಡು ಮಾಡಿಕೊಡುವ ತಂಗಿಯ ಮಗಳನ್ನು ಕರೆಸಿದ.

"ಕಪ್ಪು ಬೋರ್ಡು, ಕೆಂಪು ಅಕ್ಷರ, ಗರ್ಜಿಸೋ ಸಿಂಹ!"

"ಅದು ಎದುರಿನವರದ್ದೇ ಆಯ್ತಲ್ಲ, ಮಾವ. ಅವರ ಥರಾನೇ ಕಂಡ್ರೆ ಜನ ಮಿಷನ್ ಎಣಿಸ್ತಾರೆ. ಎಣಿಸಿದ್ರೆ ನೀನು ಸೋತೆ."

ಹುಡುಗಿ ಉಳಿದವರನ್ನು ಯಾಕೆ ಉಳಿದಿರಿ, ಬಿಟ್ಟವರನ್ನು ಯಾಕೆ ಬಿಟ್ಟಿರಿ ಎಂದು ಕೇಳುತ್ತ ತಿರುಗಿದಳು. ಉಳಿದವರದ್ದು ಒಂದೇ ಮಾತು: ಇಲ್ಲಿ ನಮ್ಮನ್ನು ಕೇಳುವವರಿದ್ದಾರೆ. ಸಿಂಹ ಹೋಯಿತು. ಹಳದಿ ಬಣ್ಣ, ದುಂಡನೆಯ ಅಕ್ಷರ, 'ಮನೆಮಂದಿ ಜಿಮ್' ಎಂಬ ಹೆಸರು ಬಂತು. ಗೋಡೆಗೆ ಮಾಡೆಲ್‌ಗಳ ಬದಲು ಟೈಲರ್, ನಿವೃತ್ತ ಪೋಸ್ಟ್‌ಮ್ಯಾನ್, ಅವರ ಬೆವರಿದ ಮುಖಗಳು. ಪೈಲ್ವಾನ ಹಿರಿಹಿರಿ ಹಿಗ್ಗಿದ.

"ಆದ್ರೆ ಬೋರ್ಡು ಈಗಲೇ ಬೇಡ, ಮಾವ. ಬಿಟ್ಟವರಲ್ಲಿ ಅತ್ತೇನೂ ಇದ್ದಾರೆ."

"ಯಾವ ಅತ್ತೆ?"

"ನನಗಿರೋದು ಒಬ್ರೇ. ದಿನಾ ಎದುರು ಜಿಮ್ಮಿಗೆ ಹೋಗ್ತಾರೆ."

ಹೆಂಡತಿ ವಾಕಿಂಗ್ ಹೋಗುತ್ತಾಳೆಂದೇ ಅವನು ನಂಬಿದ್ದ. ಮನೆಗೆ ಹೋಗಿ ಕೂಗಾಡಿದ. ಅವಳು ತಣ್ಣಗೆ ಹೇಳಿದಳು:

"ಹೂಂ, ಹೋಗ್ತೀನಿ. ನಿಮ್ಮಲ್ಲಿ ಡಂಬೆಲ್ ಮುಟ್ಟೋಕೂ ಬಿಡಲ್ಲ. 'ಅತ್ತಿಗೆ ಬಂದ್ರು, ಚಹಾ ಆಗ್ಲಿ' ಅಂತಾರೆ ಎಲ್ರೂ. ಅಲ್ಲಿ ನಾನ್ಯಾರು ಅಂತಾನೇ ಯಾರಿಗೂ ಗೊತ್ತಿಲ್ಲ. ಎಷ್ಟು ಹಾಯಾಗಿದೆ ಗೊತ್ತಾ?"

ಹುಡುಗಿ ಅವನ ಹಿಂದೆಯೇ ಬಂದಿದ್ದಳು.

"ಬೋರ್ಡಿನ ಮೇಲೆ ಬರೆದದ್ದು ಒಳಗೂ ಇರ್ಬೇಕು, ಮಾವ," ಎಂದಳು. "ಇಲ್ಲಾಂದ್ರೆ ಅದು ಬರೀ ಬಣ್ಣ. ಬೀದಿಯ ಹೆಂಗಸರು ಯಾಕೆ ಬರಲ್ಲ ಅಂತ ಗೊತ್ತಾಯ್ತಲ್ಲ?"

ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು. ಒಂದು ಬೆಳಿಗ್ಗೆ ಬಂದು ನೋಡು ಎಂದು ಹೆಂಡತಿಯನ್ನು ಬೇಡಿಕೊಂಡ.

ಅವಳು ಬಂದಳು, ಪಕ್ಕದ ಮನೆಯವರಿಬ್ಬರನ್ನೂ ಕರೆತಂದಳು. ಪೋಸ್ಟ್‌ಮ್ಯಾನ್ ಅಭ್ಯಾಸಬಲದಿಂದ "ಅತ್ತಿಗೆ, ಚಹಾ..." ಎನ್ನುವಷ್ಟರಲ್ಲಿ ಪೈಲ್ವಾನ ತಾನೇ ಒಲೆ ಹಚ್ಚಿದ.

"ಇದೇನಪ್ಪಾ, ಕಷಾಯಾನಾ?" ಎಂದ ಪೋಸ್ಟ್‌ಮ್ಯಾನ್, ಒಂದು ಗುಟುಕು ಕುಡಿದು.

"ಸುಮ್ನೆ ಕುಡೀರಿ!"

ಹೊರಗೆ ಏಣಿ ಹತ್ತಿದ್ದ ಕೆಲಸದವನು ಬೋರ್ಡು ಏರಿಸಲೇ ಎಂದು ಕೂಗಿದ. ಹುಡುಗಿ ಮಾವನ ಮುಖ ನೋಡಿದಳು.

"ನನ್ನನ್ನೇನು ಕೇಳ್ತೀಯ? ನಿಮ್ಮತ್ತೇನ ಕೇಳು."

ಅತ್ತೆ ಡಂಬೆಲ್ ಎತ್ತುತ್ತಿದ್ದಳು. "ಮಾತಾಡಿಸ್ಬೇಡಿ, ಎಣಿಕೆ ತಪ್ಪುತ್ತೆ," ಎಂದಳು.

ಬಾಯಿ ಮುಚ್ಚಿ ಗೊತ್ತಿಲ್ಲದ ಆ ಜಿಮ್ಮಿನಲ್ಲಿ ಎಲ್ಲರೂ ಸುಮ್ಮನಾದರು. ಏಣಿಯ ಮೇಲಿದ್ದವನು ಬೋರ್ಡು ಹಿಡಿದುಕೊಂಡು, ಅವಳ ಎಣಿಕೆ ಮುಗಿಯುವವರೆಗೂ ಕಾದ.